ಸಿಲ್ವರ್ ಸ್ಟೈನ್‌ನಲ್ಲಿ ಕಂಡ ಬ್ಯಾಂಡ್ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಿಗದಿದ್ದಾಗ: ದೋಷ ನಿವಾರಣೆ ಕೈಪಿಡಿ

ಜೆಲ್‌ನಲ್ಲಿ ಕಡುಗಂದು ಬಣ್ಣದ ಬ್ಯಾಂಡ್ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಕತ್ತರಿಸಿ, ಟ್ರಿಪ್ಸಿನ್ ಹಾಕಿ, ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿದರೆ ವರದಿಯಲ್ಲಿ ಕೆರಾಟಿನ್ ಮತ್ತು ಟ್ರಿಪ್ಸಿನ್ ಬಿಟ್ಟು ಬೇರೇನೂ ಇರುವುದಿಲ್ಲ. ಹೆಚ್ಚಿನವರು ಆಗ ಉಪಕರಣದ ಮೇಲೆ ಅನುಮಾನ ಪಡುತ್ತಾರೆ. ಆದರೆ ಜೆಲ್‌ಗೆ ಬಣ್ಣ ಹಾಕುವ ಮೊದಲ ಹಂತಗಳಲ್ಲೇ ಫಲಿತಾಂಶ ನಿರ್ಧಾರವಾಗಿಬಿಟ್ಟಿರುವ ಸಾಧ್ಯತೆ ಹೆಚ್ಚು. ಈ ಕೈಪಿಡಿ ಆ ಒಂದು ತೊಂದರೆಯನ್ನು ಕುರಿತದ್ದು. ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ, ಸಮಯವನ್ನೂ ಮಾದರಿಯನ್ನೂ ಬೇಡುವ ಪರೀಕ್ಷೆಗಳ ಕಡೆಗೆ ಹೋಗೋಣ. ನಾನು ಸ್ವತಃ ಎದುರಿಸಿದ ಒಂದು ಪ್ರಕರಣ ನಡುನಡುವೆ ಬರುತ್ತದೆ: ಇಮ್ಯುನೋಪ್ರೆಸಿಪಿಟೇಶನ್‌ನಿಂದ ಬಂದ, ಸುಮಾರು 45 ಕಿಲೊಡಾಲ್ಟನ್ ಗಾತ್ರದ ಒಂದು ಬ್ಯಾಂಡ್, ಎರಡು ಬಾರಿ ಕಳಿಸಿದರೂ ಗುರುತು ಸಿಗಲಿಲ್ಲ.

ಲಕ್ಷಣ 1: ಬ್ಯಾಂಡ್ ಕಡುಬಣ್ಣದ್ದು, ವರದಿಯಲ್ಲಿ ಟ್ರಿಪ್ಸಿನ್ ಮಾತ್ರ

ಮೊದಲ ಪರೀಕ್ಷೆಗೆ ಏನೂ ಖರ್ಚಾಗದು. ನೀವು ಬಳಸಿದ ಕ್ರಮವನ್ನೋ ಕಿಟ್‌ನ ಬಾಟಲಿಗಳ ಚೀಟಿಗಳನ್ನೋ ಸಾವಧಾನವಾಗಿ ಓದಿ, ಅದರಲ್ಲಿ ಗ್ಲುಟಾರಾಲ್ಡಿಹೈಡ್ ಇದೆಯೇ ನೋಡಿ. ಅದು ಸಾಮಾನ್ಯವಾಗಿ ಸ್ಥಿರೀಕರಣದ ದ್ರಾವಣದಲ್ಲಿ ಅಲ್ಲ, ಅದರ ನಂತರ ಬರುವ ಸಂವೇದನೆ ಹೆಚ್ಚಿಸುವ ದ್ರಾವಣದಲ್ಲಿ ಅಡಗಿರುತ್ತದೆ. ಕೆಲವು ಕಿಟ್‌ಗಳಲ್ಲಿ ಅದನ್ನು ಚಿಕ್ಕ ಬಾಟಲಿಯಲ್ಲಿ ಬೇರೆಯಾಗಿಯೇ ಕೊಟ್ಟಿದ್ದು, ಬಳಸುವ ಮುನ್ನ ಬೆರೆಸಲು ಹೇಳಿರುತ್ತಾರೆ. ಅಂಥ ಕಿಟ್‌ನಲ್ಲಿ ಆ ಬಾಟಲಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಬಳಸಬಹುದು. ಬಣ್ಣ ಸ್ವಲ್ಪ ತಿಳಿಯಾಗುತ್ತದೆ, ಪ್ರೋಟೀನ್ ಮಾತ್ರ ಉಳಿಯುತ್ತದೆ.

ಗ್ಲುಟಾರಾಲ್ಡಿಹೈಡ್ ಅಣುವಿನ ಎರಡು ತುದಿಗಳಲ್ಲೂ ಆಲ್ಡಿಹೈಡ್ ಗುಂಪು ಇರುತ್ತದೆ. ಆ ಎರಡು ತುದಿಗಳು ಪ್ರೋಟೀನಿನ ಲೈಸೀನ್‌ಗಳನ್ನು ಹಿಡಿದು, ಒಂದು ಸರಪಳಿಯನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತವೆ. ಬಣ್ಣದ ದೃಷ್ಟಿಯಿಂದ ಇದು ಲಾಭವೇ, ಏಕೆಂದರೆ ಚಿಕ್ಕ ಪ್ರೋಟೀನ್‌ಗಳು ಜೆಲ್‌ನಿಂದ ತೊಳೆದುಹೋಗುವುದಿಲ್ಲ ಮತ್ತು ಬೆಳ್ಳಿ ಹೆಚ್ಚು ಕೂರುತ್ತದೆ. ಆದರೆ ಟ್ರಿಪ್ಸಿನ್ ಕತ್ತರಿಸುವುದು ಲೈಸೀನ್ ಮತ್ತು ಆರ್ಜಿನೀನ್‌ಗಳ ಬಳಿ. ಲೈಸೀನ್ ಮುಚ್ಚಿಹೋದರೆ ಅರ್ಧದಷ್ಟು ಕತ್ತರಿ ಮೊಂಡಾದಂತೆ. ಆರ್ಜಿನೀನ್ ಬಳಿ ಕತ್ತರಿಸಿದ ಪೆಪ್ಟೈಡ್‌ಗಳಲ್ಲಿಯೂ ಅನೇಕವು ಪರಸ್ಪರ ಬೆಸೆದುಕೊಂಡು ಜೆಲ್ ತುಣುಕಿನೊಳಗೇ ಸಿಕ್ಕಿಬೀಳುತ್ತವೆ. ಹೊರಬಂದವುಗಳ ದ್ರವ್ಯರಾಶಿ ಬದಲಾಗಿರುವುದರಿಂದ ಡೇಟಾಬೇಸ್ ಹುಡುಕಾಟ ಅವನ್ನು ಗುರುತಿಸುವುದಿಲ್ಲ. ಈ ಬೆಸುಗೆಯನ್ನು ಆಮೇಲೆ ಯಾವ ತೊಳೆಯುವಿಕೆಯೂ ಬಿಡಿಸುವುದಿಲ್ಲ. ಬೆಳ್ಳಿಯನ್ನು ತೆಗೆಯುವ ದ್ರಾವಣ ಬೆಳ್ಳಿಯನ್ನು ಮಾತ್ರ ತೆಗೆಯುತ್ತದೆ. ಆದ್ದರಿಂದ ಗ್ಲುಟಾರಾಲ್ಡಿಹೈಡ್ ಬಳಸಿದ್ದು ಖಚಿತವಾದರೆ ಇಲ್ಲಿಗೇ ನಿಲ್ಲಿಸಿ, ಆ ಜೆಲ್‌ನಿಂದ ಮತ್ತೆ ತುಣುಕು ಕತ್ತರಿಸಬೇಡಿ.

1979ರಲ್ಲಿ ಸ್ವಿಟ್ಜರ್, ಮೆರಿಲ್ ಮತ್ತು ಶಿಫ್ರಿನ್ ಪಾಲಿಅಕ್ರಿಲಮೈಡ್ ಜೆಲ್‌ಗೆ ಸಿಲ್ವರ್ ಸ್ಟೈನ್ ತಂದಾಗ ಗುರಿಯಿದ್ದುದು ಪ್ರೋಟೀನ್ ಕಣ್ಣಿಗೆ ಕಾಣಬೇಕೆಂಬುದು, ಅದನ್ನು ಮರಳಿ ಪಡೆಯಬೇಕೆಂಬುದಲ್ಲ. 1996ರಲ್ಲಿ ಶೆವ್ಚೆಂಕೊ, ವಿಲ್ಮ್, ವೋರ್ಮ್ ಮತ್ತು ಮನ್ ಗ್ಲುಟಾರಾಲ್ಡಿಹೈಡ್ ಇಲ್ಲದ ಕ್ರಮವನ್ನು ಪ್ರಕಟಿಸಿದ ನಂತರವೇ ಸಿಲ್ವರ್ ಸ್ಟೈನ್ ಆದ ಬ್ಯಾಂಡುಗಳನ್ನು ಗುರುತಿಸುವುದು ದಿನನಿತ್ಯದ ಕೆಲಸವಾಯಿತು. ಹಳೆಯ ನೋಟ್‌ಬುಕ್‌ನಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಕ್ರಮಗಳು ಈಗಲೂ ಬಳಕೆಯಲ್ಲಿವೆ. ಅವು ಯಾವ ಉದ್ದೇಶಕ್ಕೆ ಬರೆದವು ಎಂಬುದನ್ನು ಯಾರೂ ಕೇಳುವುದಿಲ್ಲ. ನನ್ನ ಮೊದಲ ಸೋಲಿಗೆ ಇದೇ ಕಾರಣ. ನಾನು ಬಳಸಿದ ಹಾಳೆಯ ಮೂರನೆಯ ಸಾಲಿನಲ್ಲಿ ಗ್ಲುಟಾರಾಲ್ಡಿಹೈಡ್ ಇತ್ತು, ನಾನು ಅದನ್ನು ಎಷ್ಟೋ ಬಾರಿ ಓದಿಯೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ.

ಫಾರ್ಮಾಲ್ಡಿಹೈಡ್ ಕುರಿತೂ ಒಂದು ಮಾತು. ಬೆಳ್ಳಿಯ ಅಯಾನನ್ನು ಲೋಹವಾಗಿ ಇಳಿಸುವುದಕ್ಕೆ ಡೆವಲಪರ್‌ನಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಅದೂ ಪ್ರೋಟೀನನ್ನು ಒಂದಿಷ್ಟು ಬದಲಿಸುತ್ತದೆ, ಆದರೆ ಪ್ರಮಾಣ ಕಡಿಮೆ, ಸಮಯವೂ ಕೆಲವೇ ನಿಮಿಷ. ಕೆಲವು ಕ್ರಮಗಳು ಸ್ಥಿರೀಕರಣದ ದ್ರಾವಣಕ್ಕೂ ಫಾರ್ಮಾಲ್ಡಿಹೈಡ್ ಸೇರಿಸಿ ಗಂಟೆಗಟ್ಟಲೆ ಇಡುತ್ತವೆ. ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸುವ ಜೆಲ್‌ನಲ್ಲಿ ಅದನ್ನು ಬಿಡಬೇಕು. ಸ್ಥಿರೀಕರಣಕ್ಕೆ 50 ಪ್ರತಿಶತ ಮೆಥನಾಲ್ ಮತ್ತು 5ರಿಂದ 10 ಪ್ರತಿಶತ ಅಸಿಟಿಕ್ ಆಮ್ಲ ಸಾಕು. ಇವು ಪ್ರೋಟೀನನ್ನು ಬೆಸೆಯುವುದಿಲ್ಲ, ಜೆಲ್‌ನ ರಂಧ್ರಗಳಲ್ಲಿ ಗಡ್ಡೆಗಟ್ಟಿಸಿ ನಿಲ್ಲಿಸುತ್ತವೆ, ಜೊತೆಗೆ ಎಸ್‌ಡಿಎಸ್ ಅನ್ನು ಹೊರಗೆಳೆಯುತ್ತವೆ.

ಎಚ್ಚರಿಕೆ: ಗ್ಲುಟಾರಾಲ್ಡಿಹೈಡ್ ಮತ್ತು ಫಾರ್ಮಾಲಿನ್‌ಗಳನ್ನು ಹೊಗೆ ಹೀರುವ ಹುಡ್‌ನೊಳಗೆ, ಕೈಗವಸು ಮತ್ತು ಕಣ್ಣಿನ ರಕ್ಷಣೆಯೊಂದಿಗೆ ಮಾತ್ರ ಬಳಸಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಬೇಗ ಮುಗಿಯಲೆಂದು ಮೆಥನಾಲ್ ಇರುವ ತಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡುವ ರೂಢಿಯನ್ನು ಬಿಡಿ. ಅದರ ಆವಿ ವಿಷಕಾರಿ, ಬೆಂಕಿಯೂ ಹತ್ತಿಕೊಳ್ಳಬಲ್ಲದು.

ಲಕ್ಷಣ 2: ಗ್ಲುಟಾರಾಲ್ಡಿಹೈಡ್ ಇಲ್ಲ, ಆದರೂ ಗುರುತು ಸಿಗುತ್ತಿಲ್ಲ

ಇಲ್ಲಿ ಅಮೂಲ್ಯ ಮಾದರಿಯನ್ನು ಮುಟ್ಟುವ ಮೊದಲು, ದೋಷ ಬಣ್ಣದ ರಸಾಯನದಲ್ಲಿದೆಯೋ ಮಾದರಿಯ ಪ್ರಮಾಣದಲ್ಲಿದೆಯೋ ಬೇರ್ಪಡಿಸಬೇಕು. ಅದಕ್ಕೆ ಬಿಎಸ್‌ಎ ಎಂಬ ಅಗ್ಗದ ಪ್ರೋಟೀನ್ ಸಾಕು. ಒಂದೇ ಜೆಲ್‌ನಲ್ಲಿ ನಿಮ್ಮ ಮಾದರಿಯ ಪಕ್ಕ 50, 20, 10, 5 ಮತ್ತು 2 ನ್ಯಾನೊಗ್ರಾಂ ಬಿಎಸ್‌ಎಯ ಲೇನ್‌ಗಳನ್ನು ಓಡಿಸಿ, ಎಲ್ಲಕ್ಕೂ ಒಟ್ಟಿಗೆ ಸಿಲ್ವರ್ ಸ್ಟೈನ್ ಮಾಡಿ. 50 ನ್ಯಾನೊಗ್ರಾಂನ ಬಿಎಸ್‌ಎ ಬ್ಯಾಂಡನ್ನೂ, ಪ್ರೋಟೀನೇ ಇಲ್ಲದ ಖಾಲಿ ಜಾಗದ ಒಂದು ತುಣುಕನ್ನೂ ನಿಮ್ಮ ಬ್ಯಾಂಡಿನ ಜೊತೆಗೆ ಕತ್ತರಿಸಿ ಒಂದೇ ರೀತಿಯಲ್ಲಿ ಮುಂದಕ್ಕೆ ಕಳಿಸಿ.

ಫಲವನ್ನು ಓದುವ ಬಗೆ ಹೀಗೆ. ಬಿಎಸ್‌ಎಯೂ ಗುರುತಾಗದಿದ್ದರೆ ದೋಷ ಬಣ್ಣದಲ್ಲಿ, ಬೆಳ್ಳಿ ತೆಗೆಯುವಲ್ಲಿ ಅಥವಾ ಟ್ರಿಪ್ಸಿನ್ ಹಂತದಲ್ಲಿದೆ. ಅವುಗಳಲ್ಲಿ ಯಾವುದು ಎಂದು ತಿಳಿಯಲು ಮಾಲ್ಡಿ ಎಂಬ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದ ವರ್ಣಪಟಲದಲ್ಲಿ ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಂಡು ಕೊಡುವ ಶಿಖರಗಳನ್ನು ನೋಡಿ. ಹಂದಿಯ ಟ್ರಿಪ್ಸಿನ್ ಬಳಸಿದ್ದರೆ m/z 842.51 ಮತ್ತು 2211.10ರ ಬಳಿ ಅವು ಕಾಣಬೇಕು. ಅವು ಇದ್ದು ಬಿಎಸ್‌ಎ ಇಲ್ಲದಿದ್ದರೆ ಟ್ರಿಪ್ಸಿನ್ ಜೀವಂತವಾಗಿತ್ತು, ಉಪಕರಣವೂ ಸರಿಯಿತ್ತು, ಪ್ರೋಟೀನ್ ಮಾತ್ರ ಅದಕ್ಕೆ ದಕ್ಕಲಿಲ್ಲ ಎಂದರ್ಥ. ಇದು ಬೆಸೆದುಕೊಂಡ ಪ್ರೋಟೀನಿನ ಚಹರೆ. ಅವೂ ಇಲ್ಲದಿದ್ದರೆ ಟ್ರಿಪ್ಸಿನ್ ಸತ್ತಿದೆ, ಇಲ್ಲವೇ ಲವಣವೋ ಬೆಳ್ಳಿಯೋ ಅಡ್ಡಬಂದಿದೆ. ಬಿಎಸ್‌ಎ ಚೆನ್ನಾಗಿ ಗುರುತಾಗಿ ನಿಮ್ಮ ಬ್ಯಾಂಡ್ ಮಾತ್ರ ಗುರುತಾಗದಿದ್ದರೆ ಬಣ್ಣದ ಕ್ರಮ ನಿರ್ದೋಷಿ, ಮಾದರಿ ಸಾಲದು.

ನನ್ನ ಎರಡನೆಯ ಪ್ರಯತ್ನದಲ್ಲಿ ಬಿಎಸ್‌ಎ ಯಾವ ತಕರಾರೂ ಇಲ್ಲದೆ ಗುರುತಾಯಿತು, 45 ಕಿಲೊಡಾಲ್ಟನ್‌ನ ಬ್ಯಾಂಡಿನಲ್ಲಿ ಕೆರಾಟಿನ್ ಮಾತ್ರ ಬಂತು. ಜೆಲ್‌ನ ಚಿತ್ರವನ್ನು ಮತ್ತೆ ತೆರೆದು ನೋಡಿದಾಗ ನನ್ನ ಬ್ಯಾಂಡಿನ ಗಾಢತೆ 2 ಮತ್ತು 5 ನ್ಯಾನೊಗ್ರಾಂ ಬಿಎಸ್‌ಎಗಳ ನಡುವೆ ಇತ್ತು. ಅದನ್ನು 3 ನ್ಯಾನೊಗ್ರಾಂ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. 45 ಕಿಲೊಡಾಲ್ಟನ್ ಪ್ರೋಟೀನಿನ 3 ನ್ಯಾನೊಗ್ರಾಂ ಎಂದರೆ ಸುಮಾರು 67 ಫೆಮ್ಟೊಮೋಲ್. ಇದು ಜೆಲ್‌ನೊಳಗೆ ಇರುವ ಮೊತ್ತ. ಟ್ರಿಪ್ಸಿನ್ ಎಲ್ಲ ಅಣುವನ್ನೂ ಕತ್ತರಿಸುವುದಿಲ್ಲ, ಕತ್ತರಿಸಿದ ಎಲ್ಲ ಪೆಪ್ಟೈಡ್ ಹೊರಬರುವುದಿಲ್ಲ, ಹೊರಬಂದದ್ದರಲ್ಲಿ ಒಂದು ಪಾಲು ಪ್ಲಾಸ್ಟಿಕ್ ಟ್ಯೂಬಿನ ಗೋಡೆಗೆ ಅಂಟುತ್ತದೆ. ಉಪಕರಣಕ್ಕೆ ತಲುಪುವುದು ಈ ಮೊತ್ತದ ಒಂದು ಸಣ್ಣ ಭಾಗ, ಕೈಯಿಂದ ಬಿದ್ದ ಕೆರಾಟಿನ್ ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು.

ಕಣ್ಣಿಗೆ ಮೋಸವಾಗುವುದು ಇಲ್ಲಿಯೇ. ಸಿಲ್ವರ್ ಸ್ಟೈನ್‌ನ ಗಾಢತೆ ಪ್ರಮಾಣದ ಅಳತೆಯಲ್ಲ. ಪ್ರೋಟೀನ್‌ಗೆ ಅಂಟಿದ ಮೊದಲ ಬೆಳ್ಳಿಯ ಕಣ ತನ್ನ ಸುತ್ತ ಇನ್ನಷ್ಟು ಬೆಳ್ಳಿಯನ್ನು ಕೂಡಿಸಿಕೊಳ್ಳುತ್ತಾ ಹೋಗುತ್ತದೆ, ಅದಕ್ಕೇ ಒಂದೆರಡು ನ್ಯಾನೊಗ್ರಾಂ ಕೂಡ ಕಡುಗಪ್ಪಾಗಿ ಕಾಣಬಲ್ಲದು. ಪ್ರೋಟೀನಿನಿಂದ ಪ್ರೋಟೀನಿಗೆ ಬಣ್ಣ ಏರುವ ರೀತಿಯೂ ಬೇರೆ, ಆದ್ದರಿಂದ ನನ್ನ 3 ನ್ಯಾನೊಗ್ರಾಂ ಒಂದು ಅಂದಾಜು ಮಾತ್ರ. ಅಂದಾಜಾದರೂ ಅದು ಸಾಕು: ಹತ್ತಾರು ನ್ಯಾನೊಗ್ರಾಂ ಇದೆ ಎಂಬ ಭ್ರಮೆ ಅದರಿಂದ ಹೋಗುತ್ತದೆ.

ಲಕ್ಷಣ 3: ಸಿಲ್ವರ್‌ನಲ್ಲಿ ಕಂಡದ್ದು ಕೂಮಾಸಿಯಲ್ಲಿ ಕಾಣುವುದಿಲ್ಲ

ಇದು ದೋಷವಾಗಿರಬೇಕೆಂದಿಲ್ಲ. ಸಾಧಾರಣ ಕೂಮಾಸಿ ಆರ್-250ಕ್ಕೆ ಒಂದು ಬ್ಯಾಂಡಿನಲ್ಲಿ ಸುಮಾರು 50ರಿಂದ 100 ನ್ಯಾನೊಗ್ರಾಂ ಇದ್ದರೆ ಮಾತ್ರ ಸಲೀಸಾಗಿ ಕಾಣುತ್ತದೆ. ಜಿ-250 ಬಣ್ಣವನ್ನು ಅಮೋನಿಯಂ ಸಲ್ಫೇಟ್ ಮತ್ತು ಫಾಸ್ಫೋರಿಕ್ ಆಮ್ಲದಲ್ಲಿ ಕಲಿಲ ರೂಪದಲ್ಲಿ ಇಟ್ಟು, ರಾತ್ರಿಯಿಡೀ ಬಿಟ್ಟರೆ ಸುಮಾರು 10 ನ್ಯಾನೊಗ್ರಾಂವರೆಗೆ ಇಳಿಯಬಹುದು. ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹೊಂದುವ ಸಿಲ್ವರ್ ಸ್ಟೈನ್ ಒಂದೆರಡು ನ್ಯಾನೊಗ್ರಾಂನ್ನೂ, ಗ್ಲುಟಾರಾಲ್ಡಿಹೈಡ್ ಇರುವ ಹಳೆಯ ಕ್ರಮ ಅದಕ್ಕಿಂತ ಕಡಿಮೆಯನ್ನೂ ತೋರಿಸುತ್ತದೆ. ಕೂಮಾಸಿಗೆ ಕಾಣದೆ ಸಿಲ್ವರ್‌ಗೆ ಕಂಡಿತು ಎಂದರೆ ನಿಮ್ಮ ಬಳಿ ಹತ್ತು ನ್ಯಾನೊಗ್ರಾಂಗಿಂತ ಕಡಿಮೆ ಇರಬಹುದು ಎಂಬ ಸಂದೇಶವನ್ನು ಜೆಲ್ಲೇ ಕೊಡುತ್ತಿದೆ.

ಇನ್ನೊಂದು ಕಾರಣವೂ ಉಂಟು. ಕೂಮಾಸಿ ಅಣುವಿನ ಸಲ್ಫೋನೇಟ್ ಗುಂಪುಗಳು ಪ್ರೋಟೀನಿನ ಕ್ಷಾರೀಯ ಅಮೈನೋ ಆಮ್ಲಗಳಿಗೆ, ಮುಖ್ಯವಾಗಿ ಆರ್ಜಿನೀನ್‌ಗೆ, ಅಂಟಿಕೊಳ್ಳುತ್ತವೆ. ಅವು ಕಡಿಮೆ ಇರುವ ಆಮ್ಲೀಯ ಪ್ರೋಟೀನ್ ನೂರು ನ್ಯಾನೊಗ್ರಾಂ ಇದ್ದರೂ ಮಂಕಾಗಿಯೇ ಕಾಣಬಹುದು. ನೀಲಿ ಹಿನ್ನೆಲೆ ಇದ್ದರೆ ಸ್ಥಿರೀಕರಣದಲ್ಲಿ ಎಸ್‌ಡಿಎಸ್ ಪೂರ್ತಿ ಹೋಗಿಲ್ಲ ಎಂದು ತಿಳಿದು, ಬಣ್ಣ ಹಾಕುವ ಮುನ್ನ ದ್ರಾವಣವನ್ನು ಇನ್ನೊಂದು ಸಲ ಬದಲಿಸಿ. ಅಷ್ಟರಿಂದಲೇ ಅನೇಕ ಮಂಕು ಬ್ಯಾಂಡುಗಳು ಮೇಲೇಳುತ್ತವೆ.

ಆದರೂ ಕೂಮಾಸಿ ನನ್ನ ಮೊದಲ ಆಯ್ಕೆ. ಅದು ಪ್ರೋಟೀನಿಗೆ ಸಹವೇಲೆನ್ಸಿ ಬಂಧದಿಂದ ಕಟ್ಟಿಕೊಳ್ಳುವುದಿಲ್ಲ. 25ರಿಂದ 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟ್ ಮತ್ತು 50 ಪ್ರತಿಶತ ಅಸಿಟೊನೈಟ್ರೈಲ್‌ನಲ್ಲಿ ತುಣುಕನ್ನು ಕುಲುಕುತ್ತಿದ್ದರೆ ನೀಲಿ ಕರಗಿ ಹೊರಬರುತ್ತದೆ, ಪ್ರೋಟೀನ್ ಇದ್ದಲ್ಲೇ ಇರುತ್ತದೆ. ಕೂಮಾಸಿಯಲ್ಲಿ ಕಂಡ ಬ್ಯಾಂಡನ್ನು ಗುರುತಿಸಲು ಸಾಕಷ್ಟು ಪ್ರೋಟೀನ್ ಇದೆ ಎಂಬ ಭರವಸೆ ಕೂಡ ಅದೇ ಹೊತ್ತಿಗೆ ಸಿಗುತ್ತದೆ. ಸಿಲ್ವರ್ ಆ ಭರವಸೆ ಕೊಡುವುದಿಲ್ಲ.

ಲಕ್ಷಣ 4: ಬ್ಯಾಂಡಿನ ಅಂಚು ಕಪ್ಪು, ನಡುಭಾಗ ಹಳದಿ ಅಥವಾ ಖಾಲಿ

ಉಂಗುರದಂತೆ ಕಾಣುವ ಬ್ಯಾಂಡ್ ಪ್ರೋಟೀನ್ ತೀರಾ ಹೆಚ್ಚಿರುವುದರ ಗುರುತು. ಇದನ್ನು ಕಂಡು ಗಾಬರಿಯಾಗಬೇಕಿಲ್ಲ, ಬದಲಿಗೆ ಸಿಲ್ವರ್ ಅಗತ್ಯವೇ ಇರಲಿಲ್ಲ ಎಂದು ತಿಳಿಯಿರಿ. ಇನ್ನೊಂದು ಜೆಲ್ ಓಡಿಸಿ ಕೂಮಾಸಿ ಹಾಕಿ.

ಲಕ್ಷಣ 5: ಇಡೀ ಜೆಲ್ ಹಳದಿಯಾಗಿದೆ ಅಥವಾ ಕಪ್ಪಾಗುತ್ತಿದೆ

ಮೊದಲು ನೀರನ್ನು ಪರೀಕ್ಷಿಸಿ. ನೀರಿನಲ್ಲಿ ಕ್ಲೋರೈಡ್ ಇದ್ದರೆ ಬೆಳ್ಳಿಯ ದ್ರಾವಣ ಹಾಲಿನಂತೆ ಮಬ್ಬಾಗುತ್ತದೆ. ಒಂದು ಗಾಜಿನ ನಳಿಕೆಯಲ್ಲಿ ನೀರಿಗೆ ಒಂದೆರಡು ಹನಿ ಬೆಳ್ಳಿ ನೈಟ್ರೇಟ್ ಹಾಕಿ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ನೀರು ಸರಿಯಿದ್ದರೆ ತೊಳೆಯುವಿಕೆಯತ್ತ ಬನ್ನಿ. 0.02 ಪ್ರತಿಶತ ಸೋಡಿಯಂ ಥಯೋಸಲ್ಫೇಟ್‌ನಲ್ಲಿ ಒಂದು ನಿಮಿಷ ಇಟ್ಟ ಮೇಲೆ ನೀರಿನಲ್ಲಿ ಎರಡು ಬಾರಿ, ಪ್ರತಿ ಬಾರಿ ಒಂದು ನಿಮಿಷ ತೊಳೆಯಬೇಕು. ಆಮೇಲೆ 0.1 ಪ್ರತಿಶತ ಬೆಳ್ಳಿ ನೈಟ್ರೇಟ್‌ನಲ್ಲಿ ತಣ್ಣಗೆ 20 ನಿಮಿಷ ಇಟ್ಟು, ಮತ್ತೆ ಚುಟುಕಾಗಿ ತೊಳೆದು, 2 ಪ್ರತಿಶತ ಸೋಡಿಯಂ ಕಾರ್ಬೊನೇಟ್‌ಗೆ 0.04 ಪ್ರತಿಶತ ಫಾರ್ಮಾಲಿನ್ ಸೇರಿಸಿದ ಡೆವಲಪರ್ ಸುರಿಯಬೇಕು. ಡೆವಲಪರ್ ಹಳದಿಗೆ ತಿರುಗಿದ ತಕ್ಷಣ ಅದನ್ನು ಚೆಲ್ಲಿ ಹೊಸತು ಹಾಕಿ. ಆ ಹಳದಿಯನ್ನು ನೋಡುತ್ತಾ ಕುಳಿತರೆ ಅದೇ ಬೆಳ್ಳಿ ಜೆಲ್‌ನ ಮೇಲೆ ಕೂರುತ್ತದೆ. ಬ್ಯಾಂಡ್ ಬೇಕಾದಷ್ಟು ಮೂಡಿದೊಡನೆ 5 ಪ್ರತಿಶತ ಅಸಿಟಿಕ್ ಆಮ್ಲದಿಂದ ನಿಲ್ಲಿಸಿ.

ಗುರುತಿಸಲು ಕಳಿಸುವ ಜೆಲ್ಲಿನಲ್ಲಿ ಬಣ್ಣವನ್ನು ಪೂರ್ತಿ ಏರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಚಿತ್ರ ಸುಂದರವಾಗಲೆಂದು ಇನ್ನೆರಡು ನಿಮಿಷ ಬಿಟ್ಟರೆ ತೆಗೆಯಬೇಕಾದ ಬೆಳ್ಳಿಯೂ ಹೆಚ್ಚುತ್ತದೆ, ಫಾರ್ಮಾಲ್ಡಿಹೈಡ್ ಪ್ರೋಟೀನನ್ನು ಮುಟ್ಟುವ ಸಮಯವೂ ಹೆಚ್ಚುತ್ತದೆ.

ಎಚ್ಚರಿಕೆ: ಅಮೋನಿಯಾ ಸೇರಿಸಿದ ಬೆಳ್ಳಿಯ ದ್ರಾವಣ ಬಳಸುವ ಕ್ರಮಗಳಲ್ಲಿ, ಉಳಿದ ದ್ರಾವಣವನ್ನು ಎತ್ತಿಡಬೇಡಿ, ಒಣಗಲು ಬಿಡಬೇಡಿ. ಅದರಿಂದ ಸ್ಫೋಟಕ ಬೆಳ್ಳಿ ಸಂಯುಕ್ತ ಉಂಟಾಗುತ್ತದೆ. ಬಳಸಿದ ಕೂಡಲೇ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ಬೆಳ್ಳಿ ಕ್ಲೋರೈಡ್ ಆಗಿ ಇಳಿಸಿ, ನಿಮ್ಮ ಪ್ರಯೋಗಾಲಯದ ತ್ಯಾಜ್ಯ ನಿಯಮದಂತೆ ಒಪ್ಪಿಸಿ.

ಲಕ್ಷಣ 6: ಕತ್ತರಿಸಿದ ತುಣುಕು ಕಂದಾಗಿಯೇ ಉಳಿದಿದೆ

ಬೆಳ್ಳಿ ಉಳಿದ ತುಣುಕನ್ನು ಹಾಗೆಯೇ ಟ್ರಿಪ್ಸಿನ್‌ಗೆ ಒಪ್ಪಿಸಬೇಡಿ. 30 ಮಿಲಿಮೋಲಾರ್ ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು 100 ಮಿಲಿಮೋಲಾರ್ ಸೋಡಿಯಂ ಥಯೋಸಲ್ಫೇಟ್‌ಗಳನ್ನು ಬಳಸುವ ಕ್ಷಣದಲ್ಲೇ ಸಮ ಪ್ರಮಾಣದಲ್ಲಿ ಬೆರೆಸಿ, ತುಣುಕು ಮುಳುಗುವಷ್ಟು ಹಾಕಿ. ಕಂದು ಬಣ್ಣ ಕೆಲವು ನಿಮಿಷಗಳಲ್ಲಿ ಹೊರಟುಹೋಗಿ ತುಣುಕು ತಿಳಿಹಳದಿಯಾಗುತ್ತದೆ. ಆ ಹಳದಿ ಫೆರಿಸಯನೈಡ್‌ನದು. ಅದು ಪೂರ್ತಿ ಹೋಗಿ ತುಣುಕು ಪಾರದರ್ಶಕವಾಗುವವರೆಗೆ ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ಹಂತಕ್ಕೆ ಅದೇ ತೊಡಕಾಗುತ್ತದೆ. ಹತ್ತು ನಿಮಿಷ ಕಳೆದರೂ ಕಂದು ಬಿಡದಿದ್ದರೆ ಮಿಶ್ರಣ ಹಳೆಯದಾಗಿರಬಹುದು, ಹೊಸದಾಗಿ ಬೆರೆಸಿ.

ಎಚ್ಚರಿಕೆ: ಫೆರಿಸಯನೈಡ್ ಇರುವ ತ್ಯಾಜ್ಯವನ್ನು ಆಮ್ಲದ ತ್ಯಾಜ್ಯದ ಬಾಟಲಿಗೆ ಸುರಿಯಬಾರದು. ಪ್ರಬಲ ಆಮ್ಲ ತಗುಲಿದರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಹೊಮ್ಮಬಹುದು. ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಬೇರೆಯಾಗಿಯೇ ಇಡಿ.

ಲಕ್ಷಣ 7: ವರದಿಯ ತುಂಬ ಕೆರಾಟಿನ್

ಖಾಲಿ ತುಣುಕಿನ ಫಲವನ್ನು ಮೊದಲು ನೋಡಿ. ಅದರಲ್ಲೂ ಅಷ್ಟೇ ಕೆರಾಟಿನ್ ಇದ್ದರೆ ಅದು ಗಾಳಿಯಿಂದ, ತಟ್ಟೆಯಿಂದ ಅಥವಾ ಕತ್ತರಿಸುವ ಬ್ಲೇಡಿನಿಂದ ಬಂದದ್ದು. ಸಿಲ್ವರ್ ಸ್ಟೈನ್ ಆದ ಜೆಲ್‌ನ ಎಲ್ಲ ಲೇನ್‌ಗಳಲ್ಲೂ, ಸ್ಯಾಂಪಲ್ ಬಫರ್ ಮಾತ್ರ ಹಾಕಿದ ಲೇನ್‌ನಲ್ಲೂ, 50ರಿಂದ 70 ಕಿಲೊಡಾಲ್ಟನ್ ನಡುವೆ ಅಡ್ಡ ಗೆರೆಗಳು ಕಂಡರೆ ಕೆರಾಟಿನ್ ಸ್ಯಾಂಪಲ್ ಬಫರ್‌ನಲ್ಲೇ ಇದೆ. ಬಫರನ್ನು ಹೊಸದಾಗಿ ಮಾಡುವುದೇ ಅದಕ್ಕೆ ಪರಿಹಾರ. ಸಿಲ್ವರ್ ಸ್ಟೈನ್‌ಗೆ ಹಂತಗಳು ಹೆಚ್ಚು, ಪ್ರತಿ ಹಂತದಲ್ಲೂ ತಟ್ಟೆ ತೆರೆಯುತ್ತೇವೆ, ಹಾಗಾಗಿ ಕೂಮಾಸಿಗಿಂತ ಇದರಲ್ಲಿ ಕೆರಾಟಿನ್ ಬೀಳುವ ಅವಕಾಶವೂ ಹೆಚ್ಚು. ತಟ್ಟೆಯನ್ನು ಮುಚ್ಚಿಡಿ, ಆಂಟಿಬಾಡಿ ಬ್ಲಾಟ್‌ಗೆ ಬಳಸಿದ ತಟ್ಟೆಯನ್ನು ಇದಕ್ಕೆ ಬಳಸಬೇಡಿ.

ಯಾವಾಗ ನಿಲ್ಲಿಸಿ ನೆರವು ಕೇಳಬೇಕು

ಬಿಎಸ್‌ಎ 50 ನ್ಯಾನೊಗ್ರಾಂ ಗುರುತಾಗಿ ನಿಮ್ಮ ಬ್ಯಾಂಡ್ ಎರಡನೆಯ ಬಾರಿಯೂ ಗುರುತಾಗದಿದ್ದರೆ ಬಣ್ಣದ ಕ್ರಮವನ್ನು ತಿದ್ದುತ್ತಾ ಮಾದರಿ ಖರ್ಚು ಮಾಡಬೇಡಿ. ಮಾಸ್ ಸ್ಪೆಕ್ಟ್ರೋಮೆಟ್ರಿ ಕೇಂದ್ರದವರೊಂದಿಗೆ ಮಾತಾಡಿ. ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಸ್ಥಿರೀಕರಣದ ಮತ್ತು ಸಂವೇದನೆ ಹೆಚ್ಚಿಸುವ ದ್ರಾವಣಗಳಲ್ಲಿ ಏನೇನಿತ್ತು, ಬಿಎಸ್‌ಎಗೆ ಹೋಲಿಸಿದ ಅಂದಾಜು ಪ್ರಮಾಣ ಎಷ್ಟು, ಖಾಲಿ ತುಣುಕಿನಲ್ಲಿ ಏನು ಬಂತು. ಇವಿಲ್ಲದೆ ಅವರಿಗೂ ಊಹೆಯೇ ಗತಿ. ಬಿಎಸ್‌ಎಯೂ ಬರದೆ, ಟ್ರಿಪ್ಸಿನ್ ಶಿಖರಗಳೂ ಕಾಣದಿದ್ದರೆ ಮೊದಲ ಸಲಕ್ಕೇ ಕೇಳಿ, ಏಕೆಂದರೆ ಲವಣ ತೆಗೆಯುವ ಹಂತವನ್ನು ಅವರ ಉಪಕರಣದೊಂದಿಗೆ ಕೂಡಿಸಿ ನೋಡಬೇಕಾಗುತ್ತದೆ.

ನನ್ನ ಪ್ರಕರಣದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಇಮ್ಯುನೋಪ್ರೆಸಿಪಿಟೇಶನ್ ಅನ್ನು ಎಷ್ಟು ಪಟ್ಟು ಹೆಚ್ಚಿಸಬಹುದು? ಐದು ಪಟ್ಟು ಕೋಶಗಳಿಂದ ಆರಂಭಿಸಿ, ಸಿಕ್ಕ ಪ್ರೋಟೀನನ್ನೆಲ್ಲ ಐದು ಲೇನ್‌ಗಳಿಗೆ ಹಂಚದೆ ಒಂದೇ ಲೇನ್‌ಗೆ ಹಾಕಿದೆ. ಹಂಚಿದ್ದರೆ ಅಷ್ಟೇ ಪ್ರೋಟೀನಿಗೆ ಐದು ಪಟ್ಟು ಜೆಲ್, ಅದರೊಂದಿಗೆ ಐದು ಪಟ್ಟು ಕೆರಾಟಿನ್ ಸೇರುತ್ತಿತ್ತು. 50 ಪ್ರತಿಶತ ಮೆಥನಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಸ್ಥಿರೀಕರಿಸಿ, ಕಲಿಲ ರೂಪದ ಜಿ-250ರಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಟ್ಟೆಯನ್ನು ಬಿಳಿ ಹಾಳೆಯ ಮೇಲಿಟ್ಟು ಓರೆಯಾಗಿ ನೋಡಿದರೆ 45 ಕಿಲೊಡಾಲ್ಟನ್ ಜಾಗದಲ್ಲಿ ಕೂದಲೆಳೆಯಷ್ಟು ತೆಳು ನೀಲಿ ಗೆರೆಯಿತ್ತು. ಲೆಕ್ಕದಂತೆ ಸುಮಾರು 15 ನ್ಯಾನೊಗ್ರಾಂ, ಎಂದರೆ 330 ಫೆಮ್ಟೊಮೋಲ್‌ನ ಆಸುಪಾಸು. ಸಿಲ್ವರ್‌ನ ಕಡುಗಪ್ಪಿನ ಮುಂದೆ ಅದು ಏನೂ ಅಲ್ಲವೆಂಬಂತೆ ಕಂಡಿತು. ಆ ಗೆರೆಯನ್ನಷ್ಟೇ, ಸುತ್ತಲಿನ ಜೆಲ್ ಬಾರದಂತೆ ಬಿಗಿಯಾಗಿ ಕತ್ತರಿಸಿ ಕಳಿಸಿದೆ. ಮುಂದಿನ ವರದಿಯಲ್ಲಿ ಪ್ರೋಟೀನಿನ ಹೆಸರು ಕೆರಾಟಿನ್‌ಗಿಂತ ಮೇಲಿನ ಸಾಲಿನಲ್ಲಿತ್ತು.